ಚಾರ್ಜಿಗಿಟ್ಟ ಫೋನು ಲೈನನ್ನೆಲ್ಲ ತಿನ್ನುತ್ತಿತ್ತು

ಸೋಮವಾರ
ಬೆಳಿಗ್ಗೆ 11ಕ್ಕೆ ನಮ್ಮ ಸೈಬರ್ ಕೆಫೆಯಲ್ಲಿ ಪಹಣಿ ಪೇಜ್ ತೆರೆಯಲೇ ಇಲ್ಲ. ಅರ್ಜಿ ಹಾಕಲು ಬಂದವರು ಅರ್ಧ ಗಂಟೆ ಕಾದು ಹೋದರು. ನಮ್ಮದು ಕೇಬಲ್ ಲೈನ್, ಡೌನ್‌ಲೋಡ್ 30 ಎಂಬಿಪಿಎಸ್, ಅಪ್‌ಲೋಡ್ ಬರೀ 3. ಎಂಟು ಕಂಪ್ಯೂಟರಿಗೆ ಇಷ್ಟು ಸಾಕಾಗುತ್ತಿತ್ತು. ವೈಫೈಯಲ್ಲಿ ಹುಡುಗರು ವಿಪಿಎನ್ ಹಾಕಿಕೊಂಡಾಗಲೇ ಹೀಗಾಗುತ್ತದೆ ಅಂತ ಅನುಮಾನ.

```
ping -t 8.8.8.8
```

ಪಿಂಗ್, ಅಂದರೆ ಕಳಿಸಿದ್ದಕ್ಕೆ ಉತ್ತರ ಬರಲು ಹಿಡಿಯುವ ಸಮಯ, ಅಂಗಡಿ ತೆರೆಯುವ ಮುಂಚೆ 18 ಮಿಲಿಸೆಕೆಂಡ್. ಈಗ 900.

ಮಂಗಳವಾರ
ನನ್ನ ಫೋನಿನಲ್ಲೇ ಒಂದು ವಿಪಿಎನ್ ಹಾಕಿ ನೋಡಿದೆ. ನನ್ನ ಫೋನು ಮಾತ್ರ ನಿಧಾನವಾಯಿತು, ಏಕೆಂದರೆ ಎಲ್ಲವೂ ದೂರದ ಸರ್ವರ್ ಸುತ್ತಿ ಬರಬೇಕು. ಉಳಿದ ಕಂಪ್ಯೂಟರುಗಳಿಗೆ ಏನೂ ಆಗಲಿಲ್ಲ. ವಿಪಿಎನ್‌ನಿಂದ ಡೇಟಾ ಸ್ವಲ್ಪ ಜಾಸ್ತಿ ಹೋಗುತ್ತದೆ, ನಿಜ. ಆದರೆ ಪಿಂಗ್ 900ಕ್ಕೆ ಏರುವಷ್ಟಲ್ಲ. ಹಾಗಾದರೆ ಎಲ್ಲ ವಿಪಿಎನ್ ಅಲ್ಲ, ಯಾವುದೋ ಒಂದು.

ಗುರುವಾರ
ಸಿಕ್ಕಿತು! ರೂಟರ್ ಪುಟದಲ್ಲಿ ಯಾವ ಸಾಧನ ಎಷ್ಟು ಕಳಿಸುತ್ತಿದೆ ಅಂತ ನೋಡಿದೆ. ಇಲ್ಲಿಯವರೆಗೆ ಡೌನ್‌ಲೋಡ್ ಅಂಕಣವನ್ನಷ್ಟೇ ನೋಡುತ್ತಿದ್ದೆ. ಒಂದು ಫೋನಿನ ಅಪ್‌ಲೋಡ್ 2.7. ಆ ಫೋನು ಚಾರ್ಜಿಂಗ್ ಬೋರ್ಡಿನ ಮೇಲೆ ಸ್ಕ್ರೀನ್ ಆಫ್ ಆಗಿ ಬಿದ್ದಿತ್ತು.

"ಅಣ್ಣಾ, ನಾನೇನೂ ಮಾಡ್ತಿಲ್ಲ, ಸುಮ್ನೆ ಚಾರ್ಜಿಗಿಟ್ಟಿದ್ದೀನಿ" ಅಂದ ಹುಡುಗ. ಅವನು ಹೇಳಿದ್ದು ನಿಜವೇ. ವಿಪಿಎನ್ ಆಫ್ ಮಾಡಿಸಿದೆ, ಕೆಲವೇ ಸೆಕೆಂಡಿನಲ್ಲಿ ಪಿಂಗ್ 20ಕ್ಕೆ ಇಳಿಯಿತು. ಆನ್ ಮಾಡಿಸಿದೆ, ನಿಮಿಷದೊಳಗೆ ಮತ್ತೆ ಏರಿತು. ಐದು ಸಲವೂ ಹಾಗೆಯೇ.

ಇಬ್ಬರೂ ಕೂತು ಆ ಆ್ಯಪ್‌ನ ಷರತ್ತುಗಳನ್ನು ಓದಿದೆವು. ಪುಕ್ಕಟೆ ಬಳಸುವವರ ಖಾಲಿ ಇಂಟರ್ನೆಟ್ಟನ್ನು ಬೇರೆ ಬಳಕೆದಾರರಿಗೆ ಕೊಡುತ್ತೇವೆ ಅಂತ ಬರೆದಿತ್ತು. ಅಂದರೆ ಎಲ್ಲೋ ಇರುವವರು ನೋಡುವ ವಿಡಿಯೋ ಮೊದಲು ನಮ್ಮ ಲೈನಿಗೆ ಇಳಿಯುತ್ತದೆ, ಮತ್ತೆ ನಮ್ಮ ಲೈನಿನಿಂದಲೇ ಅವರಿಗೆ ಹೋಗುತ್ತದೆ. ಆ ಎರಡನೇ ದಾರಿ ಅಪ್‌ಲೋಡ್, ನಮ್ಮಲ್ಲಿ ಅದೇ ಕಿರಿದು. ಪಹಣಿ ಪೇಜ್ ಇಳಿಯುವಾಗಲೂ "ಬಂತು, ಮುಂದಿನದು ಕಳಿಸು" ಅಂತ ನಮ್ಮ ಕಡೆಯಿಂದ ಸಣ್ಣ ಉತ್ತರಗಳು ಹೋಗಬೇಕು. ಅವು ಮೋಡೆಮ್ಮಿನಲ್ಲಿ ಆ ವಿಡಿಯೋ ಹಿಂದೆ ಕ್ಯೂ ನಿಲ್ಲುತ್ತವೆ. ಅದಕ್ಕೇ ಡೌನ್‌ಲೋಡ್ ಖಾಲಿ ಇದ್ದರೂ ಪೇಜ್ ತೆರೆಯುತ್ತಿರಲಿಲ್ಲ.

ವೇಗಕ್ಕಿಂತ ನನಗೆ ಭಯವಾದದ್ದು ಇನ್ನೊಂದಕ್ಕೆ. ಆ ಅಪರಿಚಿತರು ಏನು ಮಾಡಿದರೂ ಹೊರಗೆ ಕಾಣುವುದು ನನ್ನ ಅಂಗಡಿಯ ಐಪಿ ವಿಳಾಸ. 2011ರ ಸೈಬರ್ ಕೆಫೆ ನಿಯಮದಂತೆ ಬಂದವರೆಲ್ಲರ ಗುರುತಿನ ದಾಖಲೆ ಇಡುತ್ತೇನೆ. ಇವರ ಹೆಸರು ಯಾವ ರಿಜಿಸ್ಟರಿನಲ್ಲಿ ಬರೆಯಲಿ?

ಶನಿವಾರ
ಪೋರ್ಟ್ ಮುಚ್ಚಿ ತಡೆಯಲು ನೋಡಿದೆ, ಆಗಲಿಲ್ಲ. ಆ ಆ್ಯಪ್ ಸುರಕ್ಷಿತ ಸೈಟುಗಳು ಬಳಸುವ 443ನೇ ಪೋರ್ಟಿನಲ್ಲೇ ಹೋಗುತ್ತದೆ, ಅದನ್ನು ಮುಚ್ಚಿದರೆ ಬ್ಯಾಂಕ್ ಸೈಟೂ ನಿಲ್ಲುತ್ತದೆ. ಕೊನೆಗೆ ಗ್ರಾಹಕರ ಫೋನುಗಳಿಗೆ ಗೆಸ್ಟ್ ವೈಫೈ ಬೇರೆ ಮಾಡಿ, ಅದರ ಒಟ್ಟು ಅಪ್‌ಲೋಡನ್ನು 512 ಕೆಬಿಪಿಎಸ್‌ಗೆ ಕಟ್ಟಿದೆ. ಇವತ್ತು ಜನ ತುಂಬಿದ್ದಾಗಲೂ ಪಿಂಗ್ 40 ದಾಟಲಿಲ್ಲ. ಆಫೀಸಿನ ವಿಪಿಎನ್ ಹಾಕಿ ಕೆಲಸ ಮಾಡುವ ಒಬ್ಬರಿಗೆ ಫೈಲ್ ಕಳಿಸುವುದು ತಡವಾಯಿತು, ಅವರಿಗೆ ಕೇಬಲ್ ಕೊಟ್ಟೆ.

ಐಪಿಯ ಚಿಂತೆ ಇದರಿಂದ ತೀರಿಲ್ಲ, ಹರಿವು ಕಡಿಮೆಯಾಗಿದೆ ಅಷ್ಟೇ. ಆ ಹುಡುಗ ಆ್ಯಪ್ ತೆಗೆದುಹಾಕಿದ. ಈಗ ಚಾರ್ಜಿಗಿಡಲು ಬಂದವರಿಗೆಲ್ಲ ಯಾವ ವಿಪಿಎನ್ ಇದೆ ಅಂತ ಮೊದಲು ಕೇಳುತ್ತಿದ್ದೇನೆ.