ಹತ್ತಿ ಎಂಬ ಎರಡು ಪದಗಳು

‘ಕೂಲಿಯವರು ಗಾಡಿಯ ಮೇಲೆ ಹತ್ತಿ ಮೂಟೆ ಜೋಡಿಸಿದರು’ ಎಂಬ ವಾಕ್ಯದ ಮುಂದೆ ಇಂದು ಬೆಳಿಗ್ಗೆ ಬಹಳ ಹೊತ್ತು ಕುಳಿತಿದ್ದೆ. ಇಲ್ಲಿರುವ ‘ಹತ್ತಿ’ ಅರಳೆಯೋ, ಅಥವಾ ‘ಹತ್ತು’ ಧಾತುವಿನಿಂದ ಬಂದ, ‘ಏರಿ’ ಎಂಬ ಅರ್ಥದ ಕ್ರಿಯಾರೂಪವೋ? ಇಂಥ ಕಡೆ ನಾನು ಮೊದಲು ಪದವನ್ನು ಬದಲಿಸಿ ನೋಡುತ್ತೇನೆ. ‘ಹತ್ತಿಯ ಮೂಟೆ’ ಎಂದರೂ ವಾಕ್ಯ ನಿಲ್ಲುತ್ತದೆ, ‘ಗಾಡಿಯ ಮೇಲೆ ಏರಿ’ ಎಂದರೂ ನಿಲ್ಲುತ್ತದೆ. ಆದ್ದರಿಂದ ಈ ಪರೀಕ್ಷೆ ಇಲ್ಲಿ ಸೋತಿತು. ವಾಕ್ಯ ‘ಗಾಡಿಯಿಂದ ಹತ್ತಿ ಇಳಿಸಿದರು’ ಎಂದಿದ್ದರೆ ‘ಇಂದ’ ಪ್ರತ್ಯಯವೇ ಅರಳೆಯತ್ತ ಬೆರಳು ತೋರುತ್ತಿತ್ತು. ‘ಗಾಡಿ ಹತ್ತಿ ಇಳಿದರು’ ಎಂದಿದ್ದರೆ, ‘ಇಳಿ’ ಅಕರ್ಮಕವಾದ್ದರಿಂದ ಅರಳೆಗೆ ಕರ್ಮವಾಗಿ ನಿಲ್ಲಲು ಜಾಗವೇ ಇರುತ್ತಿರಲಿಲ್ಲ. ನಮ್ಮ ವಾಕ್ಯದಲ್ಲಾದರೋ ‘ಮೇಲೆ’ ಎಂಬುದು ಏರುವುದಕ್ಕೂ ಜೋಡಿಸುವುದಕ್ಕೂ ಸಮನಾಗಿ ಹೊಂದುತ್ತದೆ, ಸಮಾಸವಾದ ‘ಹತ್ತಿಮೂಟೆ’ಯನ್ನು ಬಿಡಿಸಿ ಬರೆಯುವ ರೂಢಿಯೂ ಇದೆ. ಓದಿ ಹೇಳುವವರಾದರೆ ‘ಹತ್ತಿ’ಯ ನಂತರ ತುಸು ತಡೆದು ಏರುವ ಅರ್ಥವನ್ನು ಕೇಳಿಸಬಹುದು, ಬರಹದಲ್ಲಿ ಆ ಕೆಲಸ ಮಾಡಬೇಕಾದ ಅಲ್ಪವಿರಾಮವನ್ನು ಎಷ್ಟೋ ಮಂದಿ ಹಾಕುವುದೇ ಇಲ್ಲ, ಅದು ನನಗೆ ನಿಜಕ್ಕೂ ನೋವಿನ ಸಂಗತಿ. ಕೊನೆಗೆ ಹಿಂದಿನ ವಾಕ್ಯಕ್ಕೆ ಮರಳಿದೆ: ‘ಧಾನ್ಯ ತುಂಬಿದ ಮೂಟೆಗಳು ಅಂಗಳದಲ್ಲಿದ್ದವು.’ ಮೂಟೆಯೊಳಗಿದ್ದದ್ದು ಧಾನ್ಯ. ಹಾಗಾದರೆ ಕೂಲಿಯವರು ಗಾಡಿಯನ್ನು ಏರಿದ್ದರು.