ಡಾಲರ್-ರೂಪಾಯಿ ಚಾರ್ಟ್ ಅಭ್ಯಾಸ, ಡೊಂಬಿವಲಿ: 83.29ರ ಗೋಡೆ

ಈ ವಾರದ ಕೆಲಸ: 2022-23ರ ಡಾಲರ್-ರೂಪಾಯಿ ದೈನಿಕ ಚಾರ್ಟಿನಲ್ಲಿ ಒಂದೇ ಒಂದು ರೆಸಿಸ್ಟೆನ್ಸ್, ಅಂದರೆ ದರ ಮೇಲೇರದಂತೆ ತಡೆಯುವ ಮಟ್ಟ, ಗುರುತಿಸುವುದು.

ಮೊದಲಿಗೆ ಒಂದು ಮಾತು ಮನಸ್ಸಿನಲ್ಲಿರಲಿ. ಈ ಚಾರ್ಟ್ ತೋರಿಸುವುದು ಒಂದು ಡಾಲರಿಗೆ ಎಷ್ಟು ರೂಪಾಯಿ ಎಂಬುದನ್ನು. ಒಂದೊಂದು ದಿನದ ಏರಿಳಿತವನ್ನು ತೋರಿಸುವ ಕಂಬವೇ ಕ್ಯಾಂಡಲ್. ಹಾಗಾಗಿ ಹಸಿರು ಕ್ಯಾಂಡಲ್ ಮೇಲೇರಿದರೆ ರೂಪಾಯಿ ಕುಸಿದಿದೆ ಎಂದರ್ಥ. ಹೊಸಬರು ಹೆಚ್ಚಾಗಿ ಎಡವುವುದು ಇಲ್ಲೇ.

ಕ್ಯಾಂಡಲ್ ಓದುವ ಬಗೆಗೆ ಒಂದು ಕಾಲ್ಪನಿಕ ಉದಾಹರಣೆ. ಓಪನ್ 83.21, ಹೈ 83.28, ಲೋ 83.17, ಕ್ಲೋಸ್ 83.19. ಓಪನ್-ಕ್ಲೋಸ್ ನಡುವಿನ ಬಾಡಿ ಎರಡೇ ಪೈಸೆ. ಬಾಡಿಯಿಂದ ಹೈವರೆಗಿನ ಗೆರೆ, ಅಂದರೆ ಮೇಲಿನ ವಿಕ್, ಏಳು ಪೈಸೆ; ಲೋವರೆಗಿನ ಕೆಳಗಿನದು ಎರಡು. ದರ 83.28ರ ತನಕ ಹೋದರೂ ಅಲ್ಲಿ ಮಾರುವವರು ಗೆದ್ದರು, ದಿನ ಮುಗಿದದ್ದು ಕೆಳಗೆ. ಒಂದೇ ಮಟ್ಟದ ಹತ್ತಿರ ಇಂಥ ಉದ್ದ ವಿಕ್‌ಗಳು ಮತ್ತೆ ಮತ್ತೆ ಕಂಡರೆ ಅದು ರೆಸಿಸ್ಟೆನ್ಸ್. ಕೆಳಗಿನ ವಿಕ್‌ಗಳು ಹಾಗೆ ಸಾಲುಗಟ್ಟಿದರೆ ಸಪೋರ್ಟ್.

ಈಗ ನಿಜವಾದ ಚಾರ್ಟ್. 2022ರ ಅಕ್ಟೋಬರ್ 20ರಂದು ದರ 83.29 ಮುಟ್ಟಿತು. 2023ರ ಸೆಪ್ಟೆಂಬರ್-ಅಕ್ಟೋಬರ್‌ನಲ್ಲಿ ಮತ್ತೆ 83.25ರ ಆಸುಪಾಸಿಗೆ ಬಂದು ವಾರಗಟ್ಟಲೆ ಅಲ್ಲೇ ತಡವರಿಸಿತು. ಆದ್ದರಿಂದ 83.29ಕ್ಕೆ ಗೆರೆ ಎಳೆಯುವ ಬದಲು 83.24ರಿಂದ 83.30ರವರೆಗೆ ಪಟ್ಟಿಯೊಂದನ್ನು ಬಣ್ಣ ಹಚ್ಚಿ ಗುರುತಿಸಿದೆವು. ತೆಳು ಗೆರೆಯನ್ನು ಒಂದೆರಡು ಪೈಸೆ ದಾಟಿದ ವಿಕ್ ಕೂಡ ‘ಬ್ರೇಕ್‌ಔಟ್’ನಂತೆ ಕಂಡುಬಿಡುತ್ತದೆ. ನಾವು ಲೆಕ್ಕಕ್ಕೆ ಹಿಡಿಯುವುದು ಪಟ್ಟಿಯ ಹೊರಗೆ ಆದ ಕ್ಲೋಸ್ ಮಾತ್ರ.

ಈ ಜೋಡಿಯಲ್ಲಿ ಇಂಥ ಗೋಡೆಗಳ ಹಿಂದೆ ಹಲವು ಸಲ ಮುಂಬೈನ ರಿಸರ್ವ್ ಬ್ಯಾಂಕ್ ಇರುತ್ತದೆ. ಅದು ಸರ್ಕಾರಿ ಬ್ಯಾಂಕುಗಳ ಮೂಲಕ ಡಾಲರ್ ಮಾರಿದಾಗ ಕ್ಯಾಂಡಲ್‌ಗಳು ಚಿಕ್ಕದಾಗಿ, ಒತ್ತೊತ್ತಾಗಿ ಮೂಡುತ್ತವೆ. ಆ ಮಾರಾಟ ಎಲ್ಲಿಯವರೆಗೆ ನಡೆಯುತ್ತದೆ ಎಂಬುದನ್ನು ಚಾರ್ಟ್ ಹೇಳಲಾರದು.

ನವೆಂಬರ್ 2023ರಲ್ಲಿ ಪಟ್ಟಿ ಒಡೆಯಿತು, ದರ 83.40 ದಾಟಿತು. ಒಡೆದ ರೆಸಿಸ್ಟೆನ್ಸ್ ಸಪೋರ್ಟ್ ಆಗುತ್ತದೆ ಎಂದು ಎಲ್ಲರೂ ಕಲಿಸುತ್ತಾರೆ. ಇಲ್ಲಿ ಹಾಗಾಗಲಿಲ್ಲ: ಡಿಸೆಂಬರ್ ಮಧ್ಯಕ್ಕೇ ದರ ಪಟ್ಟಿಯ ಕೆಳಗಿಳಿದು 83ರ ಹತ್ತಿರ ಬಂದಿತ್ತು. ಹಾಗಾಗಿ ಒಡೆದ ಮಟ್ಟಕ್ಕೆ ದರ ಮರಳಿ ಬಂದು, ಅಲ್ಲಿಂದ ಪುಟಿದು ಮೇಲೆ ಕ್ಲೋಸ್ ಆಗುವವರೆಗೆ ಅದನ್ನು ನಾವು ಸಪೋರ್ಟ್ ಎಂದು ಬರೆಯುವುದಿಲ್ಲ.

ಇನ್ನೊಂದು ತೊಡಕು ಸಿಕ್ಕಿದೆ. ಎನ್‌ಎಸ್‌ಇ ಫ್ಯೂಚರ್ಸ್, ಅಂದರೆ ಮುಂದಿನ ದಿನಾಂಕದ ಒಪ್ಪಂದದ ದರ, ಸಾಮಾನ್ಯವಾಗಿ ಈಗಿನ ವಹಿವಾಟಿನ ದರವಾದ ಸ್ಪಾಟ್‌ಗಿಂತ ಕೆಲವು ಪೈಸೆ ಮೇಲಿರುತ್ತದೆ. ಒಪ್ಪಂದ ಮುಗಿಯುವ ಎಕ್ಸ್‌ಪೈರಿ ದಿನ ಹತ್ತಿರವಾದಂತೆ ಆ ಅಂತರ ಕರಗುತ್ತದೆ. ಮುಂದಿನ ತಿಂಗಳ ಕಾಂಟ್ರಾಕ್ಟಿಗೆ ಚಾರ್ಟ್ ಬದಲಾದಾಗ ಮಾರುಕಟ್ಟೆ ಕದಲದಿದ್ದರೂ ದರ ನೆಗೆದಂತೆ ಕಾಣುತ್ತದೆ, ಹಳೆಯ ಪಟ್ಟಿ ತಪ್ಪು ಜಾಗಕ್ಕೆ ಬೀಳುತ್ತದೆ. ಅದಕ್ಕೇ ಮಟ್ಟಗಳನ್ನೆಲ್ಲ ಸ್ಪಾಟ್ ಚಾರ್ಟಿನಲ್ಲೇ ಗುರುತಿಸಿದ್ದೇವೆ.

ಬಾಕಿ: ಇದೇ ಅವಧಿಯ ಸಪೋರ್ಟ್ ಪಟ್ಟಿ ಎಳೆಯುವುದು, ವಿಕ್‌ಗಳನ್ನು ದೈನಿಕ ಮತ್ತು ಒಂದು ಗಂಟೆಯ ಚಾರ್ಟ್‌ಗಳಲ್ಲಿ ಹೋಲಿಸುವುದು.