ಒಳಗಿನ ಸಂಖ್ಯೆಗಳಿಗೆ ಒಂದೊಂದಾಗಿ ವರ್ಗಮೂಲ ಹಾಕಬ್ಯಾಡ್ರಿ

"ಸರ್, ಮ್ಯಾಟ್ರಿಕ್ಸ್‌ದು ವರ್ಗಮೂಲ ಅಂದ್ರ ಒಳಗಿನ ಒಂದೊಂದು ಸಂಖ್ಯೆದ್ದು ವರ್ಗಮೂಲ ತೆಗದ್ರ ಆತಲ್ರಿ? ಸುಮ್ನ ಇಷ್ಟ್ಯಾಕ ದೊಡ್ಡದ್ ಮಾಡ್ತೀರಿ?"

ಆಗಲ್ಲ.

ಇದನ್ನು ಕ್ಲಾಸಿನಲ್ಲಿ ಹೇಳಿದ್ದೇನೆ, ಸ್ಟಾಫ್ ರೂಮಿನಲ್ಲಿ ಹೇಳಿದ್ದೇನೆ, ಜಗತ್ ಸರ್ಕಲ್ ಹತ್ತಿರ ಚಹಾ ಕುಡಿಯುತ್ತ ಹೇಳಿದ್ದೇನೆ, ಒಂದು ಮದುವೆಯಲ್ಲಿ ಹೋಳಿಗೆಗೆ ತುಪ್ಪ ಬೀಳುವ ಹೊತ್ತಿಗೂ ಹೇಳಿದ್ದೇನೆ. ಇನ್ನು ಬಾಯಿ ನೋಯಿಸಿಕೊಳ್ಳುವುದಿಲ್ಲ. ಕೇಳಿದವರಿಗೆ ಈ ಬರಹದ ಲಿಂಕ್ ಕಳಿಸುತ್ತೇನೆ. ಗೊತ್ತಿಲ್ಲ ಅಂತ ಕೇಳಿದರೆ ನನಗೇನೂ ಬೇಜಾರಿಲ್ಲ, ಗೊತ್ತಿಲ್ಲದವರಿಗೆ ಹೇಳಲಿಕ್ಕೇ ಸಂಬಳ ಬರುತ್ತದೆ. ಆದರೆ ಉತ್ತರ ತಾವೇ ತೀರ್ಮಾನಿಸಿಕೊಂಡು ಬಂದು, ನನ್ನ ಕಡೆಯಿಂದ ಬರೀ ಒಂದು ಸಹಿ ಕೇಳುತ್ತಾರಲ್ಲ, ಅದಕ್ಕೆ ತಲೆ ಕಾಯುತ್ತದೆ.

ಮಾಡಿಯೇ ನೋಡೋಣ. M ಅನ್ನುವ ಮ್ಯಾಟ್ರಿಕ್ಸ್ ತಗೊಳ್ಳಿ: ಮೇಲಿನ ಸಾಲು 2, 1, ಕೆಳಗಿನ ಸಾಲು 1, 1. ನಿಮ್ಮ ಪದ್ಧತಿಯಲ್ಲಿ ಮೇಲಿನ ಸಾಲು 1.414, 1 ಆಗುತ್ತದೆ. ಕೆಳಗಿನದು 1, 1. ಈಗ ಇದನ್ನು ಇದರಿಂದಲೇ ಗುಣಿಸಿ. ಮೇಲಿನ ಎಡಮೂಲೆಗೆ 2 ಬರಬೇಕಿತ್ತು, 3 ಬಂತು. ಪಕ್ಕದಲ್ಲಿ 1 ಬರಬೇಕಿತ್ತು, 2.414 ಬಂತು. ಯಾಕೆಂದರೆ ಮ್ಯಾಟ್ರಿಕ್ಸ್ ಗುಣಾಕಾರದಲ್ಲಿ ಸಾಲು ಹೋಗಿ ಕಂಬಕ್ಕೆ ಬಡಿಯುತ್ತದೆ, ಪ್ರತಿ ಮನೆಯೊಳಗೂ ಬೇರೆ ಮನೆಯ ಸಂಖ್ಯೆ ಬಂದು ಸೇರುತ್ತದೆ. ಕರ್ಣದ ಮೇಲಷ್ಟೇ ಸಂಖ್ಯೆ ಇದ್ದು ಉಳಿದದ್ದೆಲ್ಲ ಸೊನ್ನೆ ಇದ್ದಾಗ ಮಾತ್ರ ಈ ಬೆರಕೆ ಆಗುವುದಿಲ್ಲ. ಅಲ್ಲಿ ನಿಮ್ಮ ಪದ್ಧತಿ ನಡೆಯುತ್ತದೆ, ಒಪ್ಪಿದೆ.

ಆ ಒಪ್ಪಿಗೆಯಲ್ಲೇ ಸರಿಯಾದ ದಾರಿಯೂ ಇದೆ. M ಸಮ್ಮಿತ ಮ್ಯಾಟ್ರಿಕ್ಸ್. ಹಾಗಾಗಿ ಒಂದಕ್ಕೊಂದು ಲಂಬವಾದ ಎರಡು ದಿಕ್ಕುಗಳಿರುತ್ತವೆ. ಆ ದಿಕ್ಕುಗಳನ್ನೇ ಅಕ್ಷ ಮಾಡಿಕೊಂಡು ನೋಡಿದರೆ M ಬರೀ ಕರ್ಣದ ಮ್ಯಾಟ್ರಿಕ್ಸ್, ಕರ್ಣದ ಮೇಲೆ ಕೂತಿರುವುದು ಐಗನ್‌ವ್ಯಾಲ್ಯೂಗಳು. M ಪಾಸಿಟಿವ್ ಸೆಮಿಡೆಫಿನಿಟ್ ಕೂಡ ಹೌದು, ಅಂದರೆ ಆ ಐಗನ್‌ವ್ಯಾಲ್ಯೂಗಳಲ್ಲಿ ಒಂದೂ ಋಣ ಇಲ್ಲ ಅಂತ. ಅಲ್ಲಿ ನಿಂತು ಅವುಗಳ ವರ್ಗಮೂಲ ತೆಗೆದು, ಮತ್ತೆ ನಮ್ಮ ಹಳೆಯ ಅಕ್ಷಕ್ಕೆ ವಾಪಸ್ ಬನ್ನಿ. ಸಿಕ್ಕಿದ್ದು M ನ ವರ್ಗಮೂಲ. ಇನ್ನೊಂದು ಮಾತು: M ನ ಒಳಗೆ ಋಣ ಸಂಖ್ಯೆ ಇದ್ದರೂ ಗಾಬರಿ ಬೇಡ. 2, -1 ಮತ್ತು -1, 2 ಇರುವ ಮ್ಯಾಟ್ರಿಕ್ಸಿನ ಐಗನ್‌ವ್ಯಾಲ್ಯೂಗಳು 3 ಮತ್ತು 1. ವರ್ಗಮೂಲ ಆರಾಮವಾಗಿ ಸಿಗುತ್ತದೆ. -1 ಕ್ಕೆ ವರ್ಗಮೂಲ ಹುಡುಕುತ್ತ ಕೂತವರು ಕೂತೇ ಇರುತ್ತಾರೆ.

2×2 ಇದ್ದರೆ ಐಗನ್‌ವೆಕ್ಟರ್ ಹುಡುಕುವ ತ್ರಾಸೂ ಬೇಡ. ವರ್ಗಮೂಲಕ್ಕೆ P ಅನ್ನಿ. ಕೇಲಿ–ಹ್ಯಾಮಿಲ್ಟನ್ ಪ್ರಮೇಯದ ಪ್ರಕಾರ P² − (ಟ್ರೇಸ್)P + (ಡಿಟರ್ಮಿನೆಂಟ್)I = 0. P² ಅಂದರೆ M, ಅದು ನಮ್ಮ ಕೈಯಲ್ಲೇ ಇದೆ. P ಯ ಡಿಟರ್ಮಿನೆಂಟ್ ಅಂದರೆ M ನ ಡಿಟರ್ಮಿನೆಂಟಿನ ವರ್ಗಮೂಲ, ಇಲ್ಲಿ 1. P ಯ ಟ್ರೇಸನ್ನು ವರ್ಗ ಮಾಡಿದರೆ M ನ ಟ್ರೇಸ್‌ಗೆ ಆ ಡಿಟರ್ಮಿನೆಂಟಿನ ಎರಡು ಪಟ್ಟು ಸೇರಿಸಿದಷ್ಟು: 3 + 2 = 5. ಅಂದರೆ

P = (M + I)/√5

ಮೇಲಿನ ಸಾಲು 3/√5, 1/√5. ಕೆಳಗಿನ ಸಾಲು 1/√5, 2/√5. ವರ್ಗ ಮಾಡಿ ನೋಡಿಕೊಳ್ಳಿ, ನಾನು ಕಾಯುತ್ತೇನೆ.

ಅಲ್ಲಿಗೆ ನಿಮ್ಮ ಪ್ರಶ್ನೆ ಮುಗಿಯಿತು. ಇನ್ನು, ಯಾರಾದರೂ ಕೇಳಲಿ ಅಂತ ನಾನು ಕಾಯುವ ಪ್ರಶ್ನೆ ಬೇರೆ ಇದೆ. ಅದನ್ನು ಕೇಳಿದವಳು ನನ್ನ ಅಕ್ಕನ ಮಗಳು, ಸಿವಿಲ್ ಎಂಜಿನಿಯರಿಂಗ್ ಓದುವ ಹುಡುಗಿ. ಅಕ್ಕನ ಮನೆ ನೆಲಕ್ಕೆ ಶಹಾಬಾದ್ ಪರಸಿ ಹಾಸಿದ್ದಾರೆ. ಬೇಸಿಗೆಯ ಒಂದು ಮಧ್ಯಾಹ್ನ ಕರೆಂಟ್ ಹೋಗಿತ್ತು. ಎಲ್ಲರೂ ತಂಪಿಗೆ ಅಂತ ನೆಲಕ್ಕೇ ಕೂತಿದ್ದೆವು. ಆಕೆ ಖಡು ತಂದು ಪರಸಿಯ ಸಂದಿಯ ಗೆರೆ ಹಿಡಿದು ಒಂದು ಚೌಕ ಬರೆದಳು, ಅದರ ಮೇಲೆ ಅದೇ ಚೌಕ ಬಲಕ್ಕೆ ವಾಲಿದ ಆಕಾರ ಬರೆದಳು. ಪರೀಕ್ಷೆಯ ಉತ್ತರಪತ್ರಿಕೆಗಳ ಕಟ್ಟನ್ನು ಮೇಲಿಂದ ಒಂದು ಬದಿಗೆ ದೂಡಿದರೆ ಹೇಗೆ ವಾಲುತ್ತದೋ ಹಾಗೆ. ಪುಸ್ತಕದಲ್ಲಿ ಇದಕ್ಕೆ ಶಿಯರ್ ಅನ್ನುತ್ತಾರೆ. ಅದರ ಮ್ಯಾಟ್ರಿಕ್ಸ್ A: ಮೇಲಿನ ಸಾಲು 1, 1, ಕೆಳಗಿನ ಸಾಲು 0, 1.

"ಮಾಮಾ, ಯಾವ ಮ್ಯಾಟ್ರಿಕ್ಸ್ ಇದ್ರೂ ಮೊದಲ ತಿರುಗಿಸಿ ಆಮೇಲೆ ಎಳದಂಗ ಅಂತ ಬರದಾರ. ಇದ್ರಾಗ ಕೆಳಗಿನ ಗೆರೆ ಕದಲೇ ಇಲ್ಲ. ತಿರುಗಿದ್ದು ಎಲ್ಲದ?"

ಇದು ಪ್ರಶ್ನೆ. ಆಕೆ ಹೇಳಿದ್ದಕ್ಕೆ ಪೋಲಾರ್ ಡಿಕಾಂಪೊಸಿಷನ್ ಅನ್ನುತ್ತಾರೆ: A = PU. ವೆಕ್ಟರಿನ ಹತ್ತಿರ ಇರುವುದು U, ಹಾಗಾಗಿ ಮೊದಲು U ತಿರುಗಿಸುತ್ತದೆ, ಆಮೇಲೆ P ಎಳೆಯುತ್ತದೆ. ತಿರುಗಿಸುವ ಮ್ಯಾಟ್ರಿಕ್ಸನ್ನು ಅದರ ಟ್ರಾನ್ಸ್‌ಪೋಸಿನಿಂದ ಗುಣಿಸಿದರೆ I ಬರುತ್ತದೆ. ಎಳೆಯುವ ಮ್ಯಾಟ್ರಿಕ್ಸ್ ಸಮ್ಮಿತ. ಆದ್ದರಿಂದ AAᵀ = P U Uᵀ P = P². ತಿರುಗಿದ ಗುರುತು ಅಳಿಸಿ ಹೋಯಿತು, ಎಳೆತದ ವರ್ಗ ಉಳಿಯಿತು. ಅದರ ವರ್ಗಮೂಲ ತೆಗೆದರೆ ಎಳೆತ ಸಿಗುತ್ತದೆ. ಈ ಶಿಯರ್‌ಗೆ AAᵀ ಎಷ್ಟು ಅಂದರೆ 2, 1 ಮತ್ತು 1, 1, ಅಂದರೆ ಮೇಲಿನ M ಇದೇ. ವರ್ಗಮೂಲ ಬೇಕಾದದ್ದು ಇದಕ್ಕೆ. ನಾನು ದೊಡ್ಡದು ಮಾಡಲಿಕ್ಕೆ ಅಲ್ಲ.

P ಸಿಕ್ಕ ಮೇಲೆ U = P⁻¹A. ಮೇಲಿನ ಸಾಲು 2/√5, 1/√5. ಕೆಳಗಿನ ಸಾಲು -1/√5, 2/√5. ಅಂದರೆ ಗಡಿಯಾರದ ಮುಳ್ಳಿನ ದಿಕ್ಕಿಗೆ ಸುಮಾರು 26.6 ಡಿಗ್ರಿ ತಿರುಗು. ಆಕೆ ಒಪ್ಪಲಿಲ್ಲ, ಬರೆದು ತೋರಿಸು ಅಂದಳು. ಕೆಳಗಿನ ಗೆರೆಯ ತುದಿ (1, 0). U ಅದನ್ನು (0.894, -0.447) ಕ್ಕೆ ಒಯ್ಯುತ್ತದೆ, ಅಂದರೆ ಪರಸಿಯ ಗೆರೆ ಬಿಟ್ಟು ಕೆಳಗೆ ಇಳಿಸುತ್ತದೆ. ಆಮೇಲೆ P ಬಂದು ಅದನ್ನು ಎತ್ತಿ ಸರಿಯಾಗಿ (1, 0) ಕ್ಕೇ ತಂದು ಕೂಡಿಸುತ್ತದೆ. ನಿಂತ ಗೆರೆಯ ತುದಿ (0, 1) ಮೊದಲು (0.447, 0.894) ಕ್ಕೆ ಹೋಗಿ, ಅಲ್ಲಿಂದ (1, 1) ಕ್ಕೆ ಬರುತ್ತದೆ. ಕೆಳಗಿನ ಗೆರೆಯೂ ತಿರುಗಿತ್ತು, ಎಳೆತ ಅದನ್ನು ವಾಪಸ್ ತಂದು ನಿಲ್ಲಿಸಿತು, ನಮ್ಮ ಕಣ್ಣಿಗೆ ಕದಲದ ಹಾಗೆ ಕಂಡಿತು.

ಹಾಗಾದರೆ ತಿರುಗಿದ್ದನ್ನು ಕಣ್ಣಾರೆ ನೋಡುವುದು ಎಲ್ಲಿ? ಚೌಕದ ಅಂಚುಗಳಲ್ಲಿ ಹುಡುಕಬಾರದು. ವಾಲುವ ಮೊದಲೂ ಲಂಬ, ವಾಲಿದ ಮೇಲೂ ಲಂಬ ಇರುವ ಜೋಡಿ ಗೆರೆ ಹುಡುಕಬೇಕು. ಅಂಥ ಜೋಡಿ ಇಲ್ಲಿ ಒಂದೇ ಇದೆ: (1, 1.618) ಮತ್ತು (-1.618, 1). A ಹಾಕಿದರೆ ಮೊದಲನೆಯದು (2.618, 1.618), ಎರಡನೆಯದು (-0.618, 1). ಗುಣಿಸಿ ಕೂಡಿಸಿ ನೋಡಿದರೆ ಸೊನ್ನೆ, ಲಂಬ ಹಾಗೇ ಇದೆ. ಮೊದಲನೆಯ ಗೆರೆ 58.3 ಡಿಗ್ರಿಯಲ್ಲಿ ಇದ್ದದ್ದು 31.7 ಕ್ಕೆ ಬಂತು. ವ್ಯತ್ಯಾಸ 26.6, ನಮ್ಮ U. ಅದರ ಉದ್ದ 1.618 ಪಟ್ಟು ಆಯಿತು, ಲಂಬವಾದದ್ದು 0.618 ಪಟ್ಟಿಗೆ ಕುಗ್ಗಿತು. ಎರಡನ್ನೂ ಗುಣಿಸಿದರೆ 1, ಅದಕ್ಕೇ ಚೌಕ ಎಷ್ಟು ವಾಲಿದರೂ ಕ್ಷೇತ್ರಫಲ ಬದಲಾಗಲಿಲ್ಲ. ಖಡುವಿನಿಂದ ಈ ಎರಡು ಜೋಡಿ ಬರೆದಾಗ ಆಕೆ ಸುಮ್ಮನಾದಳು. ಅಕ್ಕ ಮಾತ್ರ ನೆಲ ಯಾರು ಒರೆಸಬೇಕು ಅಂತ ಕೇಳಿದಳು.

ಇಲ್ಲಿ A ಯ ಐಗನ್‌ವ್ಯಾಲ್ಯೂ ಹಿಡಿದುಕೊಂಡು ಹೋಗುವವರನ್ನೂ ನೋಡಿದ್ದೇನೆ. A ಯ ಐಗನ್‌ವ್ಯಾಲ್ಯೂಗಳು 1 ಮತ್ತು 1. ಅದನ್ನು ನಂಬಿದರೆ ಏನೂ ಹಿಗ್ಗಿಲ್ಲ, ಏನೂ ಕುಗ್ಗಿಲ್ಲ. 1.618 ಅಡಗಿ ಕೂತದ್ದು P ಯಲ್ಲಿ. ಎಷ್ಟು ಎಳೆಯಿತು ಅಂತ ತಿಳಿಯಬೇಕಾದರೆ P ಯನ್ನು ಕೇಳಬೇಕು.

ಮೊದಲು ಎಳೆದು ಆಮೇಲೆ ತಿರುಗಿಸಬಾರದಾ ಅಂದರೆ, ಬರುತ್ತದೆ. ಆಗ A = UQ, Q ಅಂದರೆ AᵀA ಯ ವರ್ಗಮೂಲ. U ಅದೇ ಇರುತ್ತದೆ. ಎಳೆತದ ಪ್ರಮಾಣವೂ ಅದೇ, 1.618 ಮತ್ತು 0.618. ಬದಲಾಗುವುದು ಎಳೆಯುವ ದಿಕ್ಕು: ಇನ್ನೂ ತಿರುಗಿಲ್ಲವಲ್ಲ, ಹಾಗಾಗಿ Q ಹಳೆಯ 58.3 ಡಿಗ್ರಿಯ ಗೆರೆಯ ಮೇಲೆ ಎಳೆಯುತ್ತದೆ, P ತಿರುಗಿದ ಮೇಲಿನ 31.7 ಡಿಗ್ರಿಯ ಮೇಲೆ. ಸಿವಿಲ್‌ನವರು ಎರಡನ್ನೂ ಬಳಸುತ್ತಾರೆ, ಯಾವುದು ಅಂತ ಹೇಳದೆ ಬಳಸಿದಾಗ ಜಗಳ ಶುರುವಾಗುತ್ತದೆ.

"P ಒಂದೇ ಅಂತ ಹ್ಯಾಂಗ ಹೇಳ್ತೀರಿ" ಅಂತಲೂ ಕೇಳುತ್ತಾರೆ. ವರ್ಗಮೂಲಗಳು ಬಹಳ ಇರಬಹುದು. I ಗೇ ಲೆಕ್ಕವಿಲ್ಲದಷ್ಟಿವೆ, ಮೇಲೆ 3/5, 4/5, ಕೆಳಗೆ 4/5, -3/5 ಬರೆದು ವರ್ಗ ಮಾಡಿ, I ಬರುತ್ತದೆ. ಆದರೆ ಅದು ಕನ್ನಡಿಯ ಹಾಗೆ ಮಗುಚುವ ಮ್ಯಾಟ್ರಿಕ್ಸ್, ಅದರ ಒಂದು ಐಗನ್‌ವ್ಯಾಲ್ಯೂ -1. ನಮಗೆ ಬರೀ ಎಳೆತ ಬೇಕು, ಮಗುಚುವುದು ಬೇಡ. ವರ್ಗಮೂಲ ಸಮ್ಮಿತ ಇರಬೇಕು, ಅದರ ಐಗನ್‌ವ್ಯಾಲ್ಯೂಗಳು ಋಣ ಆಗಿರಬಾರದು ಅಂತ ಷರತ್ತು ಹಾಕಿದರೆ ಉಳಿಯುವುದು ಒಂದೇ. ಸೆಮಿಡೆಫಿನಿಟ್ ಅಲ್ಲದ ಮ್ಯಾಟ್ರಿಕ್ಸಿಗೆ ವರ್ಗಮೂಲವೇ ಇಲ್ಲದಿರಲೂಬಹುದು. ಮೇಲೆ 0, 1, ಕೆಳಗೆ 0, 0 ಇರುವುದಕ್ಕೆ ಇಲ್ಲ.

A ಯ ಡಿಟರ್ಮಿನೆಂಟ್ ಸೊನ್ನೆ ಆದಾಗ P ಆಗಲೂ ಒಂದೇ, ಆದರೆ P⁻¹ ಇರುವುದಿಲ್ಲ, U ಕೂಡ ಒಂದೇ ಆಗಿ ಉಳಿಯುವುದಿಲ್ಲ. ಒಂದು ದಿಕ್ಕು ಪೂರಾ ಚಪ್ಪಟೆ ಆದ ಮೇಲೆ ಅದು ಯಾವ ಕಡೆ ತಿರುಗಿತ್ತು ಅಂತ ಯಾರು ಹೇಳುತ್ತಾರೆ?

ಕಂಪ್ಯೂಟರಿನಲ್ಲಿ ಮಾಡುವವರಿಗೆ:

```
import numpy as np
from scipy.linalg import polar, sqrtm

A = np.array([[1., 1.], [0., 1.]])
print(np.sqrt(A @ A.T))
print(sqrtm(A @ A.T))
U, P = polar(A, side='left')
print(P)
print(np.linalg.det(U))
```

`np.sqrt` ಕೊಡುವುದು ನಿಮ್ಮ ಒಂದೊಂದು ಸಂಖ್ಯೆಯ ವರ್ಗಮೂಲ. ತಪ್ಪು ಅಂತ ಎಲ್ಲೂ ಕೂಗುವುದಿಲ್ಲ, ಸುಮ್ಮನೆ ಬೇರೆ ಉತ್ತರ ಕೊಟ್ಟು ಕೂರುತ್ತದೆ. `sqrtm` ಮತ್ತು P ಎರಡರಲ್ಲೂ 1.3416, 0.4472, 0.8944 ಕಾಣಬೇಕು. `side='left'` ಬರೆಯದಿದ್ದರೆ `polar` ತಾನಾಗಿಯೇ UQ ಕೊಡುತ್ತದೆ, ಅಂದರೆ ಎಳೆತ ಮೊದಲು. ಇನ್ನು A ಯಲ್ಲಿ ಒಂದು ದಿಕ್ಕಿನ ಎಳೆತ 10⁻⁹ ದಷ್ಟು ಸಣ್ಣದಿದ್ದರೆ AAᵀ ಮಾಡಲೇಬೇಡಿ: ಅದು 10⁻¹⁸ ಆಗಿ, 1 ರ ಪಕ್ಕದಲ್ಲಿ ಕಂಪ್ಯೂಟರಿಗೆ ಕಾಣುವುದೇ ಇಲ್ಲ, ಒಮ್ಮೊಮ್ಮೆ ಐಗನ್‌ವ್ಯಾಲ್ಯೂ ಋಣವಾಗಿಯೂ ಹೊರಬರುತ್ತದೆ. `polar` ಒಳಗೆ SVD ಬಳಸುವುದರಿಂದ ಆ ಗುಂಡಿಗೆ ಬೀಳುವುದಿಲ್ಲ. ಕೊನೆಯ ಸಾಲು 1 ಬಂದರೆ U ನಿಜವಾಗಿ ತಿರುಗುವಿಕೆ. -1 ಬಂದರೆ ಅದರೊಳಗೆ ಒಂದು ಮಗುಚುವಿಕೆಯೂ ಸೇರಿದೆ, ಬರೀ ಡಿಗ್ರಿಯಲ್ಲಿ ಅದನ್ನು ಹೇಳಲಿಕ್ಕೆ ಬರುವುದಿಲ್ಲ.